ಎಲ್ಲ ಕಾರ್ಡೂ ಯಾಕೆ ತೇಲಬೇಕು?

ಈ ಒಂದು ಸಾಲು ನೋಡಿ.

```css
box-shadow: 0 10px 20px rgba(0, 0, 0, 0.3);
```

ನೀವು ವೆಬ್ ಪುಟ ಕಟ್ಟುವವರಾದರೆ ಇದನ್ನ ಎಲ್ಲಿಂದಲೋ ಎತ್ತಿಕೊಂಡು ಬಂದು ಅಂಟಿಸಿರ್ತೀರಿ. ಕಟ್ಟದವರಾದರೆ ದಿನಕ್ಕೆ ನೂರು ಸಲ ನೋಡಿರ್ತೀರಿ. ದುಂಡು ಮೂಲೆಯ ಬಿಳಿ ಚೌಕ, ಅದರ ಸುತ್ತ ಸೀಮೆಎಣ್ಣೆ ಬುಡ್ಡಿಯ ಹೊಗೆ ಹಿಡಿದ ಹಾಗೆ ಒಂದು ಕಪ್ಪು. ಇದಕ್ಕೆ ನಮ್ಮ ಕಡೆ ‘ಸಾಫ್ಟ್ ಲುಕ್’ ಅಂತಾರೆ. ಪುಟದಲ್ಲಿ ಹತ್ತು ಚೌಕ ಇದ್ದರೆ ಹತ್ತಕ್ಕೂ ಅದೇ ಹೊಗೆ.

ನನ್ನ ಜಗಳ ಇರೋದು ಈ ಸಾಲಿನ ಜೊತೆ. ಇದನ್ನ ಬರೆದ ಅಪರಾಧಿಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ, ಅದನ್ನೂ ಹೇಳಿಬಿಡ್ತೀನಿ.

ಬಸವನಗುಡಿಯಲ್ಲಿ ಒಂದು ಹಳೇ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೀನಿ. ಕೆಳಗಡೆ ಓನರ್ ರಾಯರು. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವುದರಿಂದ ಶುರುಮಾಡಿ ಕೊನೆಗೆ ಫೋರ್‌ಮನ್ ಆಗಿ ರಿಟೈರ್ ಆದವರು. ಅವರೂ ಅವರ ನಾಲ್ಕು ಜನ ಸ್ನೇಹಿತರೂ ಸೇರಿ ತಮ್ಮ ಪುಸ್ತಕಗಳನ್ನೆಲ್ಲ ಮುಂದಿನ ರೂಮಿನಲ್ಲಿ ಜೋಡಿಸಿ, ಸುತ್ತಮುತ್ತಲಿನ ಹಿರಿಯರಿಗೆ ಓದೋಕೆ ಕೊಡ್ತಾರೆ. "ಏನಪ್ಪಾ, ಕಂಪ್ಯೂಟರ್ ಓದಿದೀಯ, ಇದಕ್ಕೊಂದು ಪುಟ ಮಾಡಿಕೊಡು" ಅಂದರು. ಒಂದು ಭಾನುವಾರದಲ್ಲಿ ಮಾಡಿ ಮುಗಿಸಿದೆ. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು, ಸಮಯದ ವಿವರಕ್ಕೊಂದು ಕಾರ್ಡು, ವಿಳಾಸಕ್ಕೊಂದು, ‘ಈ ಬುಧವಾರ ರಜೆ’ ಅನ್ನೋ ಸೂಚನೆಗೂ ಒಂದು. ಎಲ್ಲಕ್ಕೂ ಮೇಲಿನ ಸಾಲು. ಪುಸ್ತಕ ಕಾಯ್ದಿರಿಸುವ ಬಟನ್ ಮಾತ್ರ ಚಪ್ಪಟೆಯಾಗಿ, ನೆರಳಿಲ್ಲದೆ, ತಿಳಿ ನೀಲಿಯಲ್ಲಿ ಮಲಗಿತ್ತು. ಅದು ಚೆನ್ನಾಗಿ ಕಾಣತ್ತೆ ಅಂತ ನನಗೆ ಆಗ ಅನಿಸಿತ್ತು.

ಮಾರನೇ ದಿನದಿಂದ ರಾಯರಿಗೆ ಫೋನು ಬರೋಕೆ ಶುರುವಾಯ್ತು. ಒಬ್ಬರು ‘ರಜೆ’ ಕಾರ್ಡನ್ನ ಒತ್ತಿ ಒತ್ತಿ ಸೋತು, ಪುಟ ಕೆಟ್ಟಿದೆ ಅಂದರು. ಇನ್ನೊಬ್ಬರು ವಿಳಾಸದ ಕಾರ್ಡನ್ನ ಒತ್ತಿದರೆ ಏನೂ ತೆರೆಯೋದಿಲ್ಲ ಅಂತ ದೂರಿದರು. ಕಾಯ್ದಿರಿಸುವ ಬಟನ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಮೊದಲು ಅಂದುಕೊಂಡಿದ್ದು, ಎಲ್ಲ ಎಂಜಿನಿಯರುಗಳೂ ಅಂದುಕೊಳ್ಳೋದನ್ನೇ: ವಯಸ್ಸಾದವರಿಗೆ ಫೋನ್ ಬಳಸೋಕೆ ಬರಲ್ಲ. ಆದರೆ ಅವರು ಮಾಡಿದ್ದು ಸರಿಯಾಗೇ ಇತ್ತು. ಎದ್ದು ನಿಂತಿರೋದನ್ನ ಒತ್ತಿದರು, ಮಲಗಿರೋದನ್ನ ಬಿಟ್ಟರು. ಮನೆಯ ಸ್ವಿಚ್ಚು, ಲಿಫ್ಟಿನ ಗುಂಡಿ, ಹಳೇ ರೇಡಿಯೋದ ತಿರುಪು, ಎಲ್ಲ ಅವರಿಗೆ ಕಲಿಸಿದ್ದು ಅದನ್ನೇ. ನೆರಳು ಅಂದರೆ ಎತ್ತರದ ಲೆಕ್ಕ. ನನ್ನ ಪುಟದಲ್ಲಿ ರಜೆಯ ಸೂಚನೆ ಗಾಳಿಯಲ್ಲಿ ತೇಲುತ್ತಿತ್ತು, ಬಟನ್ ನೆಲಕ್ಕೆ ಅಂಟಿತ್ತು. ಸುಳ್ಳು ಲೆಕ್ಕ ಬರೆದವನು ನಾನು.

ರಾಯರ ದೂರು ಬೇರೆಯೇ ಇತ್ತು. ಫೋನನ್ನ ಕನ್ನಡಕದ ಹತ್ತಿರ ಹಿಡಿದು, "ಕಾರ್ಡಿನ ಸುತ್ತ ಮಸಿ ಹರಡಿದೆಯಲ್ಲಪ್ಪ, ನಮ್ಮ ಪ್ರೆಸ್ಸಿನಲ್ಲಾಗಿದ್ರೆ ಇದನ್ನ ರದ್ದಿಗೆ ಹಾಕ್ತಿದ್ವಿ" ಅಂದರು. ನಾನು ಅದು ನೆರಳು ಸಾರ್ ಅಂದೆ. ಅವರು ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆ ತೆಗೆದು ಕಿಟಕಿ ಹತ್ತಿರ ಕೆಂಪು ಗಾರೆ ನೆಲದ ಮೇಲಿಟ್ಟರು. "ನೆರಳು ಎಲ್ಲಿ ಕಪ್ಪಾಗಿದೆ ನೋಡು" ಅಂದರು.

ಬಗ್ಗಿ ನೋಡಿದೆ. ನೀವೂ ಮನೆಯಲ್ಲಿ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಕಾರ್ಡು ನೆಲಕ್ಕೆ ತಾಗಿದ ಕಡೆ ಕೂದಲೆಳೆಯಷ್ಟು ಸಣ್ಣ, ಗಟ್ಟಿಯಾದ ಗೆರೆ. ಅದರಾಚೆ ತಿಳಿಯಾದ ಇನ್ನೊಂದು. ಅದಕ್ಕೂ ಆಚೆ, ಇದೆಯೋ ಇಲ್ಲವೋ ಅನ್ನೋ ಹಾಗೆ ಹರಡಿದ್ದು ಮತ್ತೊಂದು. ಕಾರ್ಡನ್ನ ಎರಡು ಬೆರಳಷ್ಟು ಮೇಲೆತ್ತಿದರೆ ಗಟ್ಟಿ ಗೆರೆ ಮಾಯ, ಹರಡಿದ್ದು ಮಾತ್ರ ಉಳಿಯತ್ತೆ. ಇನ್ನೊಂದು ವಿಷಯ: ನೆರಳು ಕಪ್ಪಾಗಿರಲೇ ಇಲ್ಲ. ಕೆಂಪು ನೆಲದ ಮೇಲೆ ಅದು ಕಡುಗೆಂಪಾಗಿತ್ತು.

ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮೂರು ತಿಪಟೂರಿನ ಕಡೆ, ತೆಂಗಿನ ತೋಟದ ನಡುವೆ ಬೆಳೆದವನು ನಾನು. ಮಧ್ಯಾಹ್ನ ತೆಂಗಿನ ಬುಡದಲ್ಲಿ ಕಾಂಡದ ನೆರಳು ಚಾಕುವಿನಲ್ಲಿ ಕೊಯ್ದ ಹಾಗಿರತ್ತೆ. ಅದೇ ಮರದ ತುದಿಯ ಗರಿಗಳ ನೆರಳು ನೆಲದ ಮೇಲೆ ಕಲಸಿಹೋಗಿರತ್ತೆ, ಒಂದೊಂದು ಎಳೆಯನ್ನೂ ಬೇರೆ ಮಾಡಿ ತೋರಿಸೋಕಾಗಲ್ಲ. ಕಾರಣ, ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ವಸ್ತು ನೆಲದಿಂದ ಎಷ್ಟು ದೂರ ಇದೆಯೋ ಅದರ ನೂರರಲ್ಲಿ ಒಂದು ಪಾಲಿನಷ್ಟು ನೆರಳಿನ ಅಂಚು ಮಸುಕಾಗತ್ತೆ. 50 ಅಡಿ ಮೇಲಿರೋ ಗರಿಗೆ ಹತ್ತಿರಹತ್ತಿರ ಅರ್ಧ ಅಡಿ ಮಸುಕು. ಆಳೆತ್ತರದಲ್ಲಿ ಕಟ್ಟಿದ ಬಟ್ಟೆ ಹಗ್ಗಕ್ಕೆ ಮುಕ್ಕಾಲು ಇಂಚಿಗೂ ಕಡಿಮೆ. ಮನೆಯೊಳಗೆ ಬೆಳಕು ಒಂದೇ ಕಡೆಯಿಂದ ಬರೋದೂ ಇಲ್ಲ. ಕಿಟಕಿಯದ್ದೊಂದು, ಬಾಗಿಲಿನದ್ದೊಂದು, ಎದುರುಗೋಡೆಯಿಂದ ವಾಪಸ್ಸು ಬರೋದು ಮತ್ತೊಂದು. ಒಂದೊಂದು ಬೆಳಕೂ ತನ್ನದೇ ಅಗಲದ, ತನ್ನದೇ ಮೃದುತನದ ನೆರಳು ಹಾಕತ್ತೆ. ನಾವು ನೆರಳು ಅಂತ ಒಂದೇ ಮಾತಿನಲ್ಲಿ ಕರೆಯೋದು ಇವೆಲ್ಲ ಒಂದರ ಮೇಲೊಂದು ಬಿದ್ದದ್ದನ್ನ. ಬಿಇ ಮಾಡಿ, ಬೆಂಗಳೂರಿಗೆ ಬಂದು, ಹತ್ತು ವರ್ಷ ಪರದೆ ನೋಡಿದ ಮೇಲೆ ಇದನ್ನ ಒಬ್ಬರು ಪ್ರೆಸ್ಸಿನವರು ನೆನಪಿಸಬೇಕಾಯ್ತು.

ಈಗ ನಮ್ಮ ಸಾಲಿಗೆ ವಾಪಸ್ ಬರೋಣ. ಅದರಲ್ಲಿ ಮೊದಲ ಸಂಖ್ಯೆ ನೆರಳನ್ನ ಅಡ್ಡಡ್ಡ ಎಷ್ಟು ಸರಿಸಬೇಕು ಅನ್ನೋದು, ಎರಡನೆಯದು ಕೆಳಕ್ಕೆ ಎಷ್ಟು, ಮೂರನೆಯದು ಬ್ಲರ್, ಅಂದರೆ ಅಂಚನ್ನ ಎಷ್ಟು ಮಸುಕು ಮಾಡಬೇಕು ಅನ್ನೋದು. ಕೊನೆಯದು ಬಣ್ಣ, 30 ಪರ್ಸೆಂಟ್ ಕಪ್ಪು. ಬ್ಲರ್ 20 ಅಂದರೆ ನೆರಳಿನ ಅಂಚಿನಿಂದ ಒಳಕ್ಕೆ 20 ಪಿಕ್ಸೆಲ್, ಹೊರಕ್ಕೆ 20 ಪಿಕ್ಸೆಲ್ ಮಸುಕು ಹರಡತ್ತೆ. ಎಡವಟ್ಟು ಇಲ್ಲೇ ಇರೋದು. ನೆರಳನ್ನ ಕೆಳಕ್ಕೆ ಸರಿಸಿರೋದು ಬರೀ 10. ಮಸುಕು ಮೇಲಕ್ಕೂ 20 ಹೋಗತ್ತೆ. ಹಾಗಾಗಿ ಕಾರ್ಡಿನ ತಲೆಯ ಮೇಲೂ 10 ಪಿಕ್ಸೆಲ್ ಹೊಗೆ ಇಣುಕತ್ತೆ. ಬೆಳಕು ಮೇಲಿನಿಂದ ಬರ್ತಿದೆ ಅಂತ ಕೆಳಗೆ ನೆರಳು ಹಾಕಿ, ಮೇಲೂ ನೆರಳು ಹಾಕೋದು ಯಾವ ಊರಿನ ಬೆಳಕು ಸ್ವಾಮಿ? ನಿಮ್ಮ ಪುಟದಲ್ಲಿ ಈ ರೋಗ ಇದೆಯಾ ಅಂತ ನೋಡೋಕೆ ಬೇರೇನೂ ಬೇಡ, ಕಾರ್ಡಿನ ಮೇಲಂಚನ್ನ ಮಾತ್ರ ದೊಡ್ಡದು ಮಾಡಿ ನೋಡಿ. ಅಲ್ಲಿ ಬೂದು ಕಂಡರೆ ರಾಯರು ಹೇಳಿದ ಮಸಿ ಅದೇ.

ಇದರ ಬದಲು ನಾನು ಕೊನೆಗೆ ಬರೆದದ್ದು ಇದು.

```css
.sheet {
  --s: 28 45% 20% / 0.07;
  box-shadow:
    0 1px 1px hsl(var(--s)),
    0 2px 2px hsl(var(--s)),
    0 4px 4px hsl(var(--s)),
    0 8px 8px hsl(var(--s)),
    0 16px 16px hsl(var(--s));
}
```

ಐದು ನೆರಳು, ಅಲ್ಪವಿರಾಮ ಹಾಕಿ ಒಂದರ ಹಿಂದೊಂದು. ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಒಂದೊಂದರ ಗಾಢತೆ ಬರೀ 7 ಪರ್ಸೆಂಟ್. ಇದು ಜಾಸ್ತಿ ಆಯ್ತು ಅನಿಸಬಹುದು, ಅದಕ್ಕೇ ಲೆಕ್ಕ ಹಾಕೋಣ. 7 ಪರ್ಸೆಂಟಿನ ಐದು ಪದರ ಒಂದರ ಮೇಲೊಂದು ಬಿದ್ದರೆ 93 ಪರ್ಸೆಂಟ್ ಬೆಳಕು ಐದು ಸಲ ಗುಣಿಸಿಕೊಳ್ಳತ್ತೆ, ಉಳಿಯೋದು ಸುಮಾರು 70. ಅಂದರೆ ಅತಿ ಗಾಢ ಜಾಗದಲ್ಲಿ ಕತ್ತಲೆ 30 ಪರ್ಸೆಂಟ್, ಹಳೇ ಸಾಲಿನಲ್ಲಿ ಇದ್ದಷ್ಟೇ. ಖರ್ಚಾದ ಮಸಿಯ ಗಾಢತೆ ಒಂದೇ, ಹಂಚಿದ ರೀತಿ ಬೇರೆ.

ಹಂಚಿಕೆಯ ವ್ಯತ್ಯಾಸ ಕಾರ್ಡಿನ ಕೆಳಂಚಿನಲ್ಲಿ ಕಾಣತ್ತೆ. ಹಳೇ ಸಾಲಿನಲ್ಲಿ ಅಂಚಿಗೆ ತಾಗಿದ ಜಾಗದಲ್ಲಿ ಕತ್ತಲೆ ಸುಮಾರು 25 ಪರ್ಸೆಂಟ್, 8 ಪಿಕ್ಸೆಲ್ ಕೆಳಗೆ ಹೋದರೂ 17. ಇಳಿಯೋದೇ ಇಲ್ಲ, ಅದಕ್ಕೇ ಹೊಗೆಯ ಹಾಗೆ ಕಾಣೋದು. ಐದು ಪದರದ್ದರಲ್ಲಿ ಅಂಚಿನಲ್ಲಿ ಹತ್ತಿರಹತ್ತಿರ 30, 8 ಪಿಕ್ಸೆಲ್ ಕೆಳಗೆ 9ಕ್ಕೆ ಇಳಿದಿರತ್ತೆ, 16ರ ಹತ್ತಿರ 4ಕ್ಕೂ ಕಡಿಮೆ. ತಾಗಿದ ಕಡೆ ಗಟ್ಟಿ, ಆಮೇಲೆ ಸರ್ರನೆ ಇಳಿತ, ಕೊನೆಗೆ ಉದ್ದನೆಯ ತಿಳಿ ಬಾಲ. ಲಗ್ನಪತ್ರಿಕೆ ಗಾರೆ ನೆಲದ ಮೇಲೆ ತೋರಿಸಿದ್ದು ಇದನ್ನೇ. ಪ್ರತಿ ಸಾಲಿನಲ್ಲೂ ಕೆಳಕ್ಕೆ ಸರಿಸಿದ್ದೂ ಬ್ಲರ್ರೂ ಸಮ ಇರೋದರಿಂದ ಮಸುಕು ಮೇಲಂಚನ್ನ ದಾಟೋದಿಲ್ಲ, ತಲೆ ಸ್ವಚ್ಛ.

ಬಣ್ಣವೂ ಕಪ್ಪಲ್ಲ. ಪುಟದ ಹಿನ್ನೆಲೆ ಹಳೇ ಪುಸ್ತಕದ ಹಾಳೆಯ ತಿಳಿ ಹಳದಿ. ಅದರ ಮೇಲೆ ಶುದ್ಧ ಕಪ್ಪನ್ನ ತೆಳುವಾಗಿ ಬಳಿದರೆ ಸತ್ತ ಬೂದು ಬರತ್ತೆ, ಬಟ್ಟೆಗೆ ಕೊಳೆ ಹತ್ತಿದ ಹಾಗೆ. ಅದಕ್ಕೆ ಹಿನ್ನೆಲೆಯ ಬಣ್ಣದ್ದೇ ಸಂಬಂಧಿಕನಾದ ಕಡುಗಂದು. ಈ ಒಂದು ಬದಲಾವಣೆಯನ್ನಾದರೂ ಮಾಡಿ, ಅರ್ಧ ಕೊಳೆ ಹೋಗತ್ತೆ.

ಇಷ್ಟಾದ ಮೇಲೆ ನಾನು ಮಾಡಬಹುದಾಗಿದ್ದ ದೊಡ್ಡ ತಪ್ಪು ಅಂದರೆ ಈ ಐದು ಪದರವನ್ನ ಎಲ್ಲ ಕಾರ್ಡಿಗೂ ಬಳಿಯೋದು. ನಮ್ಮ ಕ್ಷೇತ್ರದಲ್ಲಿ ಈಗ ಆಗ್ತಿರೋದು ಅದೇ. ಒಂದು ಪದರದ ನೆರಳು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತಾಯ್ತು, ಆದ್ದರಿಂದ ಈಗ ರಜೆಯ ಸೂಚನೆಯೂ ಐದು ಪದರದ ಚಂದದ ನೆರಳಿನ ಮೇಲೆ ತೇಲತ್ತೆ. ಚಂದದ ಅಕ್ಷರದಲ್ಲಿ ಬರೆದರೆ ಸುಳ್ಳು ಲೆಕ್ಕ ನಿಜ ಆಗತ್ತಾ? 2014ರಲ್ಲಿ ಗೂಗಲ್ ತನ್ನ ಮೆಟೀರಿಯಲ್ ಡಿಸೈನ್ ಹೊರತಂದಾಗ ಅದರಲ್ಲಿ ಇದ್ದ ಮುಖ್ಯ ವಿಚಾರ ಇದೇ ಆಗಿತ್ತು: ಪರದೆ ಅಂದರೆ ಕಾಗದದ ಹಾಳೆಗಳು, ಪ್ರತಿ ಹಾಳೆಗೂ ಒಂದು ಎತ್ತರ, ಮೇಲಿಂದ ಒಂದು ಮುಖ್ಯ ಬೆಳಕು ಮತ್ತು ಸುತ್ತಲಿಂದ ಹರಡಿದ ಇನ್ನೊಂದು ಬೆಳಕು, ಆ ಎರಡರಿಂದ ನೆರಳು. ಜನ ಅದರಿಂದ ನೆರಳನ್ನ ತಗೊಂಡರು, ಎತ್ತರವನ್ನ ಅಲ್ಲೇ ಬಿಟ್ಟು ಬಂದರು.

ರಾಯರ ಪುಟದಲ್ಲಿ ಕೊನೆಗೆ ಮೂರೇ ಎತ್ತರ ಉಳಿದವು. ಸಮಯ, ವಿಳಾಸ, ರಜೆ, ಇವು ಕಾಗದದ ಮೇಲೇ ಅಚ್ಚಾದ ವಿಷಯ, ಅವಕ್ಕೆ ಕಾರ್ಡೂ ಬೇಡ ನೆರಳೂ ಬೇಡ. ಪುಸ್ತಕಗಳ ಕಾರ್ಡು ಮೇಜಿನ ಮೇಲೆ ಮಲಗಿರೋದು, ಅದಕ್ಕೆ ಒಂದು ಪಿಕ್ಸೆಲ್ಲಿನ ತಿಳಿ ಗೆರೆ ಸಾಕು. ಕಾಯ್ದಿರಿಸುವ ಬಟನ್ನು ಬೆರಳಿಗೆ ಸಿಗುವಷ್ಟು ಎದ್ದಿರಬೇಕು, ಅದಕ್ಕೆ ಐದರಲ್ಲಿ ಮೊದಲ ಎರಡು ಪದರ. ಒತ್ತಿದಾಗ ಒಂದು ಪದರ ಹೋಗಿ ಬಟನ್ ಒಂದು ಪಿಕ್ಸೆಲ್ ಕೆಳಗಿಳಿಯತ್ತೆ. ಕಾಯ್ದಿರಿಸಿದ ಮೇಲೆ ‘ಹೆಸರು ಹೇಳಿ’ ಅಂತ ಎಲ್ಲದರ ಮೇಲೆ ತೆರೆದುಕೊಳ್ಳೋ ಹಾಳೆ ಒಂದೇ, ಅದಕ್ಕೆ ಮಾತ್ರ ಐದೂ.

ಮೂಲೆಗಳ ವಿಷಯ ಇನ್ನೂ ಇದೆ. ಕಾರ್ಡಿಗೆ `border-radius: 20px`, ಒಳಗೆ 12 ಪಿಕ್ಸೆಲ್ ಜಾಗ ಬಿಟ್ಟು ಮುಖಪುಟದ ಚಿತ್ರ, ಅದಕ್ಕೂ 20. ಎರಡೂ ಒಂದೇ ಸಂಖ್ಯೆ, ಹೊಂದಿಕೆ ಆಗಲೇಬೇಕಲ್ಲ? ಆಗಲ್ಲ. ನೇರ ಅಂಚಿನಲ್ಲಿ 12 ಪಿಕ್ಸೆಲ್ ಇರೋ ಸಂದು ಮೂಲೆಯಲ್ಲಿ 17 ಆಗಿ ಉಬ್ಬತ್ತೆ. ಒಂದರೊಳಗೊಂದು ಕೂರೋ ಡಬ್ಬಿಗಳನ್ನ ನೆನೆಸಿಕೊಳ್ಳಿ, ಒಳಗಿನದರ ಬಾಗು ಹೊರಗಿನದಕ್ಕಿಂತ ಚಿಕ್ಕದಿರಲೇಬೇಕು. ಹೊರಗಿನ 20ರಿಂದ ನಡುವಿನ 12 ಕಳೆದರೆ 8. ಚಿತ್ರಕ್ಕೆ 8 ಕೊಟ್ಟ ತಕ್ಷಣ ಎರಡು ಬಾಗಿಗೂ ಕೇಂದ್ರ ಒಂದೇ ಆಯ್ತು, ಸುತ್ತಲೂ 12.

ಆದರೆ ದುಂಡು ಮೂಲೆ ನನ್ನ ಮಾನ ಕಳೆದದ್ದು ಬೇರೆ ಕಡೆ. ಚಿತ್ರ ಮೂಲೆಯಿಂದ ಹೊರಗೆ ಚಾಚಬಾರದು ಅಂತ ಎಲ್ಲರೂ ಕಾರ್ಡಿಗೆ `overflow: hidden` ಹಾಕ್ತಾರೆ. ನಾನೂ ಯಾವುದಕ್ಕೂ ಇರಲಿ ಅಂತ ಹಾಕಿದ್ದೆ, ಜೊತೆಗೆ ಎಲ್ಲ ಕಾರ್ಡು ಸಮ ಇರಲಿ ಅಂತ 180 ಪಿಕ್ಸೆಲ್ ಎತ್ತರ ಕಟ್ಟಿದ್ದೆ. ಇಂಗ್ಲಿಷ್ ಹೆಸರಿಟ್ಟು ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇತ್ತು. ಕನ್ನಡ ಹೆಸರು ಎರಡನೇ ಸಾಲಿಗೆ ಇಳಿದಾಗ ಒತ್ತಕ್ಷರಗಳು ಕಾರ್ಡಿನ ಕೆಳಂಚಿಗೆ ಸಿಕ್ಕಿ ಕತ್ತರಿಸಿ ಹೋದವು. ರಾಷ್ಟ್ರಕೂಟರ ಬಗ್ಗೆ ಇದ್ದ ಪುಸ್ತಕ ‘ರಾಷಕೂಟರು’ ಆಗಿ ಕೂತಿತ್ತು, ‘ಷ್ಟ್ರ’ದ ಕೆಳಗಿನ ಟ-ರ ಎರಡೂ ಮಂಗಮಾಯ. ಜೀವನವಿಡೀ ಮೊಳೆ ಜೋಡಿಸಿದ ಮನುಷ್ಯರಿಗೆ ಇದನ್ನ ತೋರಿಸಿದ್ದು ನಾನು! ರಾಯರು ಏನೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟ ಆಯ್ತು. ದುಂಡು ಬೇಕಾಗಿರೋದು ಚಿತ್ರಕ್ಕೆ, ಆದ್ದರಿಂದ ಬಾಗನ್ನ ಚಿತ್ರಕ್ಕೇ ಕೊಡಿ, ಕಾರ್ಡಿನಿಂದ `overflow` ತೆಗೆಯಿರಿ, ಎತ್ತರ ಕಟ್ಟಬೇಡಿ, ಸಾಲಿನ ಎತ್ತರ 1.6ಕ್ಕೆ ಏರಿಸಿ. ಕನ್ನಡದ ಕಾರ್ಡಿಗೆ ಉಸಿರಾಡೋಕೆ ಕೆಳಗೆ ಜಾಗ ಬೇಕು.

ಇದೇ `overflow` ನೆರಳನ್ನೂ ಕೊಯ್ಯತ್ತೆ. ಪುಸ್ತಕಗಳನ್ನ ಅಡ್ಡಡ್ಡ ಜಾರಿಸೋ ಸಾಲಿನಲ್ಲಿಟ್ಟರೆ, ಆ ಸಾಲಿಗೆ `overflow-x: auto` ಕೊಟ್ಟ ತಕ್ಷಣ ಬ್ರೌಸರ್ ಮೇಲೆ-ಕೆಳಗೂ ಅದನ್ನೇ ಅನ್ವಯಿಸತ್ತೆ. ಒಳಗಿನ ಕಾರ್ಡುಗಳ ನೆರಳು ಕೆಳಗಡೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತುಬಿಡತ್ತೆ. ನೆರಳು ಬೇಕೇಬೇಕಾದರೆ ಅದು ಎಷ್ಟು ದೂರ ಹೋಗತ್ತೆ ಅಂತ ಲೆಕ್ಕ ಹಾಕಿ, ಕೊನೇ ಪದರದ 16 ಮತ್ತು 16 ಸೇರಿ 32, ಅಷ್ಟು ಜಾಗ ಸಾಲಿನ ಒಳಗೆ ಕೆಳಗಡೆ ಬಿಡಿ. ನಾನು ಪುಸ್ತಕದ ಕಾರ್ಡಿಗೆ ನೆರಳೇ ತೆಗೆದಿದ್ದರಿಂದ ಈ ತಲೆನೋವು ತಾನಾಗೇ ಹೋಯ್ತು.

"ಇಷ್ಟೆಲ್ಲ ಯಾರು ನೋಡ್ತಾರೆ ಗುರೂ" ಅಂತ ಆಫೀಸಿನ ಗೆಳೆಯ ಕೇಳಿದ. ಅವನ ವಾದದಲ್ಲಿ ಅರ್ಧ ಸತ್ಯ ಇದೆ. ಮೇಲಂಚಿನ ಬೂದನ್ನ ಬೆರಳಿಟ್ಟು ತೋರಿಸೋರು ಕಡಿಮೆ. ಆದರೆ ‘ರಜೆ’ ಕಾರ್ಡನ್ನ ಒತ್ತಿ ಒತ್ತಿ ಸೋತವರಿಗೆ ಯಾಕೆ ಸೋತೆವು ಅಂತ ಗೊತ್ತಿರಲಿಲ್ಲ. ಅವರು ತಮ್ಮನ್ನೇ ಬೈದುಕೊಂಡರು, ನನಗೆ ಈ ಫೋನೆಲ್ಲ ಬರಲ್ಲಪ್ಪ ಅಂತ. ನನಗೆ ಹೊಟ್ಟೆ ಉರಿಯೋದು ಅದಕ್ಕೆ. ಇನ್ನೊಬ್ಬ, "ಹಾಗಾದ್ರೆ ಎಲ್ಲ ಚಪ್ಪಟೆ ಮಾಡಿಬಿಡು, ಗಲಾಟೆನೇ ಇಲ್ಲ" ಅಂದ. ನನ್ನ ಬಟನ್ ಚಪ್ಪಟೆಯಾಗೇ ಇತ್ತಲ್ಲ, ಯಾರಿಗೆ ಕಂಡಿತು?

ನೆರಳನ್ನೊಂದೇ ನಂಬೋಕಾಗಲ್ಲ ಅನ್ನೋದೂ ನಿಜ. ಡಾರ್ಕ್ ಮೋಡಿನಲ್ಲಿ ಕಪ್ಪಿನ ಮೇಲೆ ನೆರಳು ಕಾಣೋದೇ ಇಲ್ಲ, ಅಲ್ಲಿ ಮೇಲಿರೋ ಹಾಳೆಯ ಬಣ್ಣವನ್ನೇ ಒಂದು ಕೂದಲು ತಿಳಿ ಮಾಡಬೇಕು. ರಾಯರ ಸ್ನೇಹಿತರೊಬ್ಬರು ಕಣ್ಣಿನ ತೊಂದರೆಗಾಗಿ ವಿಂಡೋಸ್‌ನಲ್ಲಿ ಹೈ ಕಾಂಟ್ರಾಸ್ಟ್ ಹಾಕಿಕೊಂಡಿದ್ದಾರೆ. ಆ ಸ್ಥಿತಿಯಲ್ಲಿ ಬ್ರೌಸರ್ ಎಲ್ಲ `box-shadow` ಕಿತ್ತುಹಾಕತ್ತೆ. ಅದಕ್ಕೆ ಬಟನ್ನಿಗೆ ಕಣ್ಣಿಗೆ ಕಾಣದ ಗೆರೆಯೊಂದನ್ನ ಇಟ್ಟೆ, `border: 1px solid transparent`. ಅವರ ಪರದೆಯಲ್ಲಿ ಮಾತ್ರ ಅದು ಗಟ್ಟಿ ಗೆರೆಯಾಗಿ ಎದ್ದು ಬರತ್ತೆ.

ಹೊಸ ಪುಟ ಏರಿಸಿದ ಸಂಜೆ ಫೋನನ್ನ ರಾಯರ ಕೈಗೆ ಕೊಟ್ಟೆ. ರಾಷ್ಟ್ರಕೂಟರನ್ನ ಮೊದಲು ಹುಡುಕಿದರು, ಎರಡೂ ಒತ್ತು ಇದೆಯಾ ಅಂತ ಕನ್ನಡಕ ಏರಿಸಿ ನೋಡಿದರು. ನೆರಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಯ್ದಿರಿಸುವ ಬಟನ್ ಒತ್ತಿ, "ಒಳಗೆ ಹೋಗತ್ತಲ್ಲೋ" ಅಂದರು, ಮತ್ತೆ ಒತ್ತಿದರು. ಮೂರು ಸಲ ಒತ್ತಿದ್ದರಿಂದ ಒಂದೇ ಪುಸ್ತಕ ಅವರ ಹೆಸರಿಗೆ ಮೂರು ಸಲ ಕಾಯ್ದಿಟ್ಟಾಯ್ತು. ಅದನ್ನ ಸರಿ ಮಾಡೋದು ಇನ್ನೂ ಬಾಕಿ ಇದೆ.